ಕೀ ಕೊಟ್ಟ ದಿನವೇ ಬಾಡಿಗೆ ಶುರುವಾಗಬೇಕೆ?

ಅಂಗಡಿ ಹಿಡಿಯಲು ಹೊರಟವರು ಸಾಮಾನ್ಯವಾಗಿ ಎರಡೇ ಸಂಖ್ಯೆಗಳ ಬಗ್ಗೆ ಚೌಕಾಶಿ ಮಾಡುತ್ತಾರೆ: ತಿಂಗಳ ಬಾಡಿಗೆ ಎಷ್ಟು, ಮುಂಗಡ ಎಷ್ಟು. ಇವೆರಡೂ ಇತ್ಯರ್ಥವಾದರೆ ಉಳಿದದ್ದನ್ನು ಪತ್ರ ಬರೆಯುವವರಿಗೆ ಬಿಟ್ಟುಬಿಡುತ್ತಾರೆ. ಅವರ ಬಳಿ ಸಿದ್ಧ ನಮೂನೆಯೊಂದು ಇರುತ್ತದೆ. ಹೆಸರು, ವಿಳಾಸ, ಮೊತ್ತ ತುಂಬಿದರೆ ಕರಾರುಪತ್ರ ತಯಾರು. ಆದರೆ ಸಣ್ಣ ವ್ಯಾಪಾರಿಯ ಮೊದಲ ವರ್ಷದ ಲಾಭ ನಷ್ಟಗಳನ್ನು ಅನೇಕ ವೇಳೆ ನಿರ್ಧರಿಸುವುದು ಆ ನಮೂನೆಯಲ್ಲಿ ಇಲ್ಲದ ಅಥವಾ ಒಂದೇ ಸಾಲಿನಲ್ಲಿ ಮುಗಿದುಹೋಗಿರುವ ಎರಡು ಸಂಗತಿಗಳು. ಬಾಡಿಗೆ ಯಾವ ದಿನದಿಂದ ಆರಂಭವಾಗುತ್ತದೆ ಎಂಬುದು ಒಂದು. ಕೆಟ್ಟದ್ದನ್ನು ಯಾರು ಸರಿಪಡಿಸಬೇಕು ಎಂಬುದು ಇನ್ನೊಂದು.

ಬೆಂಗಳೂರಿನ ಬಡಾವಣೆಯೊಂದರಲ್ಲಿ ಬೇಕರಿ ತೆರೆಯಲು ಹೊರಟ ದಂಪತಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ. ನೆಲಮಹಡಿಯಲ್ಲಿ 400 ಚದರಡಿಯ ಅಂಗಡಿ, ಮೇಲೊಂದು ವಾಸದ ಮನೆ. ಬಾಡಿಗೆ ತಿಂಗಳಿಗೆ 40,000 ರೂಪಾಯಿ, ಈ ಊರಿನ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆ, ಅಂದರೆ 4 ಲಕ್ಷ ರೂಪಾಯಿ ಮುಂಗಡ. ಅವಧಿ ಮೂರು ವರ್ಷ. ನೀರಿನ ಕೊಳವೆ, ವಿದ್ಯುತ್ ತಂತಿ, ಗೋಡೆಗೆ ಟೈಲ್ಸ್, ಗಾಜಿನ ಕೌಂಟರ್, ಓವನ್, ಹೊಗೆ ಹೋಗುವ ಕೊಳವೆ, ನಾಮಫಲಕ ಇವೆಲ್ಲ ಮುಗಿಯಲು ಎಷ್ಟೇ ಅವಸರ ಮಾಡಿದರೂ ಆರು ವಾರ ಬೇಕು. ಮಾಲೀಕರು ಹೇಳುವುದು, 'ಕೀ ಕೊಟ್ಟ ದಿನದಿಂದಲೇ ಬಾಡಿಗೆ.' ಹಾಗಾದರೆ ಒಂದು ಬನ್ನೂ ಮಾರುವ ಮುನ್ನ ದಂಪತಿ 60,000 ರೂಪಾಯಿ ಬಾಡಿಗೆ ಕಟ್ಟಿರುತ್ತಾರೆ.

ಸಜ್ಜುಗೊಳಿಸುವ ಅವಧಿಗೆ ಬಾಡಿಗೆ ವಿನಾಯಿತಿ ಕೇಳುವುದು ದೊಡ್ಡ ಕಂಪನಿಗಳಿಗೆ, ಮಾಲ್‌ಗಳಲ್ಲಿ ಮಳಿಗೆ ಪಡೆಯುವವರಿಗೆ ಮಾಮೂಲು. ರಸ್ತೆ ಬದಿಯ ಅಂಗಡಿಯವರು ಮಾತ್ರ ಅದನ್ನು ಕೇಳಲೂ ಸಂಕೋಚಪಡುತ್ತಾರೆ. ಸಂಕೋಚಕ್ಕೆ ಕಾರಣವಿಲ್ಲ. ಮೂರು ವರ್ಷಗಳ ಒಟ್ಟು ಬಾಡಿಗೆ, ವಾರ್ಷಿಕ ಏರಿಕೆಯನ್ನು ಬಿಟ್ಟರೂ, 14 ಲಕ್ಷ 40 ಸಾವಿರ. ಅದರಲ್ಲಿ 60,000 ಎಂದರೆ ಶೇಕಡ 4ಕ್ಕಿಂತ ತುಸು ಹೆಚ್ಚು. ಇವರನ್ನು ಬಿಟ್ಟು ಇನ್ನೊಬ್ಬರಿಗಾಗಿ ಮಾಲೀಕರು ಎರಡು ತಿಂಗಳು ಕಾದರೆ ಕಳೆದುಕೊಳ್ಳುವುದು 80,000. ಈ ಲೆಕ್ಕವನ್ನು ಅವರ ಮುಂದೆ ಕಾಗದದಲ್ಲಿ ಬರೆದಿಟ್ಟರೆ ಅದು ಯಾಚನೆಯಾಗುವುದಿಲ್ಲ, ವ್ಯವಹಾರವಾಗುತ್ತದೆ.

ಮಾಲೀಕರ ಅಂಜಿಕೆಯೂ ಸುಳ್ಳಲ್ಲ. ಆರು ವಾರ ಪುಕ್ಕಟೆಯಾಗಿ ಇದ್ದವರು ಆರನೆಯ ತಿಂಗಳಲ್ಲಿ ಬೀಗ ಹಾಕಿ ಹೊರಟರೆ? ಇದಕ್ಕೆ ಉತ್ತರ ಅವರ ಕೈಯಲ್ಲಿರುವ ಮುಂಗಡದಲ್ಲೇ ಇದೆ. 'ಮೊದಲ ವರ್ಷದೊಳಗೆ ಬಾಡಿಗೆದಾರರು ತಾವಾಗಿಯೇ ಅಂಗಡಿ ಬಿಟ್ಟರೆ ವಿನಾಯಿತಿ ನೀಡಿದ ಬಾಡಿಗೆಯನ್ನು ಮುಂಗಡದಿಂದ ಕಳೆಯಬಹುದು' ಎಂಬ ಒಂದು ಷರತ್ತನ್ನು ಬಾಡಿಗೆದಾರರೇ ಮುಂದಿಟ್ಟರೆ ಮಾಲೀಕರ ಆಕ್ಷೇಪ ಬಹುಮಟ್ಟಿಗೆ ಕರಗುತ್ತದೆ. ಪೂರ್ತಿ ವಿನಾಯಿತಿಗೆ ಒಪ್ಪದವರು ಮೊದಲ ಮೂರು ತಿಂಗಳು ಅರ್ಧ ಬಾಡಿಗೆಗೆ ಒಪ್ಪಬಹುದು. ಉಳಿಯುವ ಮೊತ್ತ ಅದೇ 60,000, ಆದರೆ ಮೊದಲ ತಿಂಗಳೇ ಕೈಗೆ ಹಣ ಬಂತೆಂಬ ನೆಮ್ಮದಿ ಅವರಿಗೆ.

ಮೂರು ದಿನಾಂಕಗಳು

ವಿನಾಯಿತಿ ಸಿಕ್ಕರೂ ಅದು ಬಾಯಿಮಾತಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ಕರಾರಿಗೆ ಸಹಿ ಹಾಕಿದ ದಿನ, ಅಂಗಡಿ ಸ್ವಾಧೀನಕ್ಕೆ ಬಂದ ದಿನ, ಬಾಡಿಗೆ ಆರಂಭವಾಗುವ ದಿನ ಎಂಬ ಮೂರು ಬೇರೆ ಬೇರೆ ದಿನಾಂಕಗಳು ಪತ್ರದಲ್ಲಿ ಇರಬೇಕು. ಜೂನ್ 1ರಂದು ಸ್ವಾಧೀನ ಸಿಕ್ಕರೆ 45 ದಿನಗಳ ವಿನಾಯಿತಿ ಜುಲೈ 15ಕ್ಕೆ ಮುಗಿಯುತ್ತದೆ, ಬಾಡಿಗೆ ಜುಲೈ 16ರಿಂದ. ವಾರ್ಷಿಕ ಏರಿಕೆಯನ್ನೂ ಈ ದಿನಾಂಕದಿಂದಲೇ ಎಣಿಸಬೇಕೆಂದು ಬರೆಯದಿದ್ದರೆ, ಮಾಲೀಕರು ಸಹಿಯ ದಿನದಿಂದ ಎಣಿಸುವುದು ಸಹಜ.

ಇದಕ್ಕಿಂತ ಮುಖ್ಯವಾದದ್ದು 'ಸ್ವಾಧೀನ' ಎಂಬ ಪದದ ಅರ್ಥ. ಹಿಂದಿನ ಬಾಡಿಗೆದಾರನ ಕಪಾಟುಗಳು ಮೂಲೆಯಲ್ಲಿ ಇನ್ನೂ ಇದ್ದರೆ, ಹಳೆಯ ವಿದ್ಯುತ್ ಬಿಲ್ ಬಾಕಿಯಿದ್ದರೆ, ಕೀ ಕೈಗೆ ಬಂದರೂ ಕೆಲಸ ಆರಂಭವಾಗುವುದಿಲ್ಲ. ನಮ್ಮ ಬೇಕರಿಯ ಓವನ್‌ಗೆ ಮೂರು ಫೇಸ್ ವಿದ್ಯುತ್ ಬೇಕು, ಅಂಗಡಿಯಲ್ಲಿ ಇರುವುದು ಒಂದೇ ಫೇಸ್ ಎಂದುಕೊಳ್ಳೋಣ. ಮೀಟರಿನ ಆರ್.ಆರ್. ಸಂಖ್ಯೆ ಮಾಲೀಕರ ಹೆಸರಿನಲ್ಲಿರುತ್ತದೆ. ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಲು ಅವರ ಸಹಿ, ಅವರ ಕಾಗದಪತ್ರಗಳೇ ಬೇಕು. ಅವರು ಮೂರು ವಾರ ಊರಲ್ಲಿಲ್ಲದಿದ್ದರೆ 45 ದಿನಗಳ ವಿನಾಯಿತಿಯಲ್ಲಿ ಅರ್ಧ ಕಳೆದುಹೋಯಿತು. ಆದ್ದರಿಂದ ಅಂಗಡಿ ಖಾಲಿಯಾಗಿ, ಬಾಕಿಗಳಿಲ್ಲದೆ ಕೈಗೆ ಬಂದ ಮೇಲಷ್ಟೇ ದಿನಗಳ ಎಣಿಕೆ ಆರಂಭವಾಗಬೇಕು. ಮಾಲೀಕರ ಕಡೆಯಿಂದ ತಡವಾದಷ್ಟು ದಿನ ವಿನಾಯಿತಿಯೂ ಮುಂದುವರಿಯಬೇಕು. ಈ ಎರಡು ವಾಕ್ಯಗಳಿಲ್ಲದ ವಿನಾಯಿತಿ ಕಾಗದದ ಮೇಲಿನ ಔದಾರ್ಯವಷ್ಟೇ.

ಸೋರುವ ಸೂರು ಯಾರದು?

ದುರಸ್ತಿಯ ವಿಷಯದಲ್ಲಿ ಬಹಳ ಮಂದಿಗೆ ಒಂದು ನಂಬಿಕೆಯಿದೆ: ಕಟ್ಟಡ ಮಾಲೀಕರದು, ಹಾಗಾಗಿ ಅದು ಸೋರಿದರೆ ಸರಿಪಡಿಸುವುದು ಅವರ ಕರ್ತವ್ಯ, ಕಾನೂನೇ ಹಾಗೆ ಹೇಳುತ್ತದೆ ಎಂದು. ಕಾನೂನು ಅಷ್ಟು ಸ್ಪಷ್ಟವಾಗಿ ಹಾಗೆ ಹೇಳುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರಿದ ವಾಣಿಜ್ಯ ಮಳಿಗೆಗಳಿಗೆ ಅನ್ವಯಿಸುವುದೇ ಇಲ್ಲ. ನಮ್ಮ ಬೇಕರಿಯಂಥ ಅಂಗಡಿಗಳಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಎರಡೂ ಕಡೆಯವರ ಹಕ್ಕುಬಾಧ್ಯತೆಗಳೇನು ಎಂಬುದನ್ನು ಪಟ್ಟಿಮಾಡುತ್ತದೆ. ತಾನು ಮಾಡಲು ಬದ್ಧನಾಗಿರುವ ದುರಸ್ತಿಯನ್ನು ಮಾಲೀಕ ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಅದರ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆಯಬಹುದು ಎನ್ನುತ್ತದೆ ಆ ಕಲಮು. ಇಲ್ಲಿ ತೂಕವಿರುವುದು 'ಬದ್ಧನಾಗಿರುವ' ಎಂಬ ಪದಕ್ಕೆ. ಯಾವ ದುರಸ್ತಿಗೆ ಆತ ಬದ್ಧ ಎಂಬ ಪಟ್ಟಿ ಆ ಕಲಮಿನಲ್ಲಿಲ್ಲ. ಅದನ್ನು ಕರಾರೇ ಹೇಳಬೇಕು.

ಬಾಡಿಗೆದಾರನ ಹೊಣೆಯನ್ನು ಮಾತ್ರ ಕಲಮು ನೇರವಾಗಿಯೇ ಹೇಳುತ್ತದೆ. ಸಹಜ ಸವೆತವನ್ನೂ ತಡೆಯಲಾಗದ ಅವಘಡವನ್ನೂ ಬಿಟ್ಟರೆ, ಸ್ವಾಧೀನಕ್ಕೆ ಬಂದಾಗ ಇದ್ದ ಸ್ಥಿತಿಯಲ್ಲೇ ಆತ ಸ್ವತ್ತನ್ನು ಇಟ್ಟುಕೊಂಡು ಹಿಂದಿರುಗಿಸಬೇಕು. ಇದರ ಮೇಲೆ ಸಿದ್ಧ ನಮೂನೆಯ 'ದುರಸ್ತಿ ಎಲ್ಲವೂ ಬಾಡಿಗೆದಾರರಿಗೆ ಸೇರಿದ್ದು' ಎಂಬ ಸಾಲು ಬಂದು ಕುಳಿತರೆ, ಮಾಲೀಕರಿಗೆ ಹೇಳಿಕೊಳ್ಳುವ ಕರ್ತವ್ಯವೇ ಉಳಿಯುವುದಿಲ್ಲ. ಇನ್ನು ಕೆಲವು ಪತ್ರಗಳಲ್ಲಿ 'ಸಣ್ಣಪುಟ್ಟ ದುರಸ್ತಿ' ಬಾಡಿಗೆದಾರರದು ಎಂದಿರುತ್ತದೆ. ಸಣ್ಣದು ಯಾವುದು, ಪುಟ್ಟದು ಯಾವುದು ಎಂಬ ಪ್ರಶ್ನೆ ಮಳೆಗಾಲದವರೆಗೆ ಏಳುವುದಿಲ್ಲ.

ಬೇಕರಿ ಆರಂಭವಾದ ಕೆಲ ತಿಂಗಳಿಗೆ ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗಿ ಫಾಲ್ಸ್ ಸೀಲಿಂಗ್‌ನಲ್ಲಿ ಕಂದು ಬಳೆಗಳು ಮೂಡಿದವು ಎನ್ನಿ. ಕೊಳವೆ ಗಾರೆಯೊಳಗೆ ಹುದುಗಿದೆ, ಒಡೆಯಬೇಕಾದ್ದು ಮೇಲಿನ ಮನೆಯ ನೆಲ. ಅದು ಬಾಡಿಗೆದಾರರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಆದರೂ ಪತ್ರದ ಪ್ರಕಾರ ದುರಸ್ತಿ ಅವರದು. ಹೀಗಾಗದಿರಬೇಕಾದರೆ ಹೊಣೆಯನ್ನು ಮೊತ್ತದಿಂದಲ್ಲ, ಜಾಗದಿಂದ ಹಂಚಬೇಕು. ಸೂರು, ಗೋಡೆ, ಕಂಬ, ಗಾರೆಯೊಳಗಿನ ಕೊಳವೆ, ಹೊರಗಿನ ಚರಂಡಿ ಸಂಪರ್ಕ, ಮೀಟರಿನವರೆಗಿನ ತಂತಿ ಮಾಲೀಕರಿಗೆ. ನಲ್ಲಿ, ಸ್ವಿಚ್ಚು, ದೀಪ, ಒಳಗಿನ ಬಣ್ಣ, ಬಾಡಿಗೆದಾರರೇ ಹಾಕಿಸಿದ ಎಲ್ಲವೂ ಬಾಡಿಗೆದಾರರಿಗೆ. ಇವೆರಡರ ನಡುವೆ ಬೀಳುವ ರೋಲಿಂಗ್ ಷಟರ್, ಕಟ್ಟಿಕೊಂಡ ಒಳಚರಂಡಿಗಳಂಥವನ್ನು ಕಾರಣ ನೋಡಿ ತೀರ್ಮಾನಿಸಬೇಕು. ಹಿಟ್ಟು, ಎಣ್ಣೆ ಜಮೆಯಾಗಿ ಕಟ್ಟಿಕೊಂಡರೆ ಬೇಕರಿಯವರ ಖರ್ಚು, ಕೊಳವೆಯೇ ಕುಸಿದಿದ್ದರೆ ಮಾಲೀಕರ ಖರ್ಚು.

ಹೊಣೆ ಹಂಚಿದರಷ್ಟೇ ಸಾಲದು, ಗಡುವೂ ಬೇಕು. ಲಿಖಿತವಾಗಿ ತಿಳಿಸಿದ ಏಳು ದಿನಗಳಲ್ಲಿ, ತುರ್ತಿದ್ದರೆ ಎರಡು ದಿನಗಳಲ್ಲಿ ಮಾಲೀಕರು ಕೆಲಸ ಆರಂಭಿಸದಿದ್ದರೆ ಬಾಡಿಗೆದಾರರು ಮಾಡಿಸಿ ರಸೀದಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು ಎಂದಿರಲಿ. ಮಾಲೀಕರ ಪಾಲಿನ ದುರಸ್ತಿಗಾಗಿ ಅಂಗಡಿ ಮುಚ್ಚಬೇಕಾಗಿ ಬಂದರೆ ಆ ದಿನಗಳಿಗೆ ಬಾಡಿಗೆಯಿಲ್ಲ ಎಂಬುದೂ ಇರಲಿ. ವಿನಾಯಿತಿ ಮತ್ತು ದುರಸ್ತಿ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಇಲ್ಲಿ ಗೊತ್ತಾಗುತ್ತದೆ: ಅಂಗಡಿ ದುಡಿಯದ ದಿನಗಳ ಭಾರ ಯಾರ ಹೆಗಲಿಗೆ?

ಸ್ವಾಧೀನದ ದಿನವೇ ಅಂಗಡಿಯ ಸ್ಥಿತಿಯನ್ನು ದಾಖಲಿಸುವುದು ಅಗತ್ಯ. ಹಿಂದಿರುಗಿಸುವಾಗ ಹೋಲಿಕೆಗೆ ಇರುವುದು ಅದೊಂದೇ ಆಧಾರ. ಛಾವಣಿಯಲ್ಲಿ ಒಂದೇ ಕಡೆ ಹೊಸ ಬಣ್ಣ ಬಳಿದಿರುವುದು, ಗೋಡೆಯ ಬುಡದಲ್ಲಿ ಉಪ್ಪಿನಂತೆ ಬಿಳಿಪುಡಿ ಎದ್ದಿರುವುದು, ಷಟರ್ ಎತ್ತಿದೊಡನೆ ಬರುವ ತೇವದ ವಾಸನೆ ಇವು ಹಳೆಯ ಸೋರಿಕೆಯ ಗುರುತುಗಳು. ಫಾಲ್ಸ್ ಸೀಲಿಂಗ್ ಹಾಕಿದ ಮೇಲೆ ಇವು ಕಾಣುವುದಿಲ್ಲ. ದಿನಾಂಕ ಸಹಿತ ಛಾಯಾಚಿತ್ರಗಳನ್ನೂ ಒಂದು ಪುಟದ ಪಟ್ಟಿಯನ್ನೂ ಇಬ್ಬರ ಸಹಿಯೊಂದಿಗೆ ಕರಾರಿಗೆ ಲಗತ್ತಿಸಿದರೆ, ಮೂರು ವರ್ಷಗಳ ನಂತರ 4 ಲಕ್ಷ ಮುಂಗಡದಲ್ಲಿ ಎಷ್ಟು ಕಳೆಯಬೇಕೆಂಬ ಜಗಳಕ್ಕೆ ಎಡೆಯಿರದು.

ಹನ್ನೊಂದು ತಿಂಗಳ ಬಲೆ

ಇಷ್ಟೆಲ್ಲ ಬರೆದ ಕಾಗದ ನ್ಯಾಯಾಲಯದಲ್ಲಿ ನಿಲ್ಲಬೇಕಲ್ಲವೇ? ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಆ ಖರ್ಚು ತಪ್ಪಿಸಲು ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುವ ಅಥವಾ ಮೂರು ವರ್ಷದ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು ನೋಂದಾಯಿಸದೆ ಇಡುವ ರೂಢಿ ನಮ್ಮಲ್ಲಿ ಬೇರೂರಿದೆ. ನೋಂದಣಿಯಾಗದ ಪತ್ರದ ಷರತ್ತುಗಳನ್ನು ಸಾಕ್ಷ್ಯವಾಗಿ ಮುಂದಿಡುವುದಕ್ಕೆ ಕಾನೂನಿನ ಅಡ್ಡಿಯಿದೆ. ಹನ್ನೊಂದು ತಿಂಗಳು ಮುಗಿದ ಬಳಿಕ ಹೊಸ ಕರಾರಿಲ್ಲದೆ ಮುಂದುವರಿದರೆ ಸಾಮಾನ್ಯವಾಗಿ ಅದು ತಿಂಗಳ ಬಾಡಿಗೆಯಾಗಿ ಮಾರ್ಪಡುತ್ತದೆ, ಅದನ್ನು ಕೊನೆಗೊಳಿಸಲು ಹದಿನೈದು ದಿನಗಳ ನೋಟಿಸ್ ಸಾಕು. ಓವನ್ ಮತ್ತು ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿದವರು ಹದಿನೈದು ದಿನಗಳ ಭದ್ರತೆಯ ಮೇಲೆ ಕುಳಿತಂತಾಯಿತು. ಅಂಥ ಕರಾರಿನಲ್ಲಿ 45 ದಿನ ಉಳಿಸಿದ್ದಕ್ಕೆ ಹಿಗ್ಗುವುದರಲ್ಲಿ ಅರ್ಥವಿಲ್ಲ.

ಜನನಿಬಿಡ ರಸ್ತೆಯಲ್ಲಿ ಒಂದು ಅಂಗಡಿಗೆ ಹತ್ತು ಮಂದಿ ಕಾದಿರುತ್ತಾರೆ. ಅಲ್ಲಿ ಕೇಳಿದ್ದೆಲ್ಲ ಸಿಗದು. ಹಾಗಿದ್ದಾಗ ಬಿಟ್ಟುಕೊಡಬಹುದಾದದ್ದು ವಿನಾಯಿತಿಯ ದಿನಗಳನ್ನು. 45 ದಿನ 20 ದಿನಕ್ಕಿಳಿದರೆ ನಮ್ಮ ದಂಪತಿಗೆ ಆಗುವ ನಷ್ಟ ಸುಮಾರು 33,000 ರೂಪಾಯಿ. ಅದು ಇಂದೇ ಗೊತ್ತಿರುವ, ಬಂಡವಾಳದ ಲೆಕ್ಕದಲ್ಲಿ ಸೇರಿಸಿಕೊಳ್ಳಬಹುದಾದ ನಷ್ಟ. ಸೋರುವ ಸೂರಿನ ನಷ್ಟಕ್ಕೆ ಅಂಥ ಮಿತಿಯಿಲ್ಲ. ದುರಸ್ತಿಯ ಷರತ್ತು ಬರೆದುಕೊಡಲು ಮಾಲೀಕರಿಗೆ ಸಹಿಯ ದಿನ ಕೈಯಿಂದ ಒಂದು ಪೈಸೆಯೂ ಹೋಗುವುದಿಲ್ಲ, ಅದಕ್ಕೇ ಅದು ಸಿಗುವ ಸಾಧ್ಯತೆ ಹೆಚ್ಚು. ಅದಕ್ಕೂ ಒಪ್ಪದ ಮಾಲೀಕರು ತಮ್ಮ ಕಟ್ಟಡದ ಬಗ್ಗೆ ನಮಗಿಂತ ಹೆಚ್ಚು ಬಲ್ಲವರೆಂದು ತಿಳಿದು, ಛಾವಣಿಯ ಕಡೆ ಇನ್ನೊಮ್ಮೆ ನೋಡುವುದು ಒಳಿತು.