ಮಾರುಕಟ್ಟೆಯಲ್ಲಿ ಇಲ್ಲದ ಬೆಲೆಗೆ ಮಾರಿದ ಸ್ಟಾಪ್‌ಲಾಸ್

2025ರ ಏಪ್ರಿಲ್ 4, ಶುಕ್ರವಾರ. ನಿಫ್ಟಿ ಸೂಚ್ಯಂಕ 22,904.45ರಲ್ಲಿ ದಿನ ಮುಗಿಸಿತು. ಅಮೆರಿಕದ ಆಮದು ಸುಂಕಗಳ ಘೋಷಣೆ ಆಗಲೇ ಹೊರಬಿದ್ದಿತ್ತು. ವಾರಾಂತ್ಯದಲ್ಲಿ ಆತಂಕ ಇನ್ನಷ್ಟು ಹೆಚ್ಚಿತು. ಏಪ್ರಿಲ್ 7ರ ಸೋಮವಾರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ನಿಫ್ಟಿಯ ಮೊದಲ ಬೆಲೆ 21,758.40. ಒಂದೇ ಜಿಗಿತಕ್ಕೆ 1,146 ಅಂಶ ಕೆಳಗೆ. ನಡುವಿನ ಯಾವ ಬೆಲೆಯಲ್ಲೂ ವ್ಯಾಪಾರ ನಡೆಯಲಿಲ್ಲ. ಮಾರುಕಟ್ಟೆಯ ಮಾತಿನಲ್ಲಿ ಇದಕ್ಕೆ ಗ್ಯಾಪ್ ಡೌನ್ ಎನ್ನುತ್ತಾರೆ.

ಶುಕ್ರವಾರ ಒಬ್ಬರು 23,000ಕ್ಕೆ ಒಂದು ಲಾಟ್ ಕೊಂಡು, 22,700ಕ್ಕೆ ಸ್ಟಾಪ್‌ಲಾಸ್ ಇಟ್ಟುಕೊಂಡಿದ್ದರು ಎಂದಿಟ್ಟುಕೊಳ್ಳೋಣ. ಬೆಲೆ 22,700ಕ್ಕೆ ಇಳಿದರೆ ತಾನಾಗಿ ಮಾರಿಬಿಡು ಎಂಬ ಆದೇಶ ಅದು. ಆಗ ಒಂದು ಲಾಟ್ ಎಂದರೆ 75. ಹಾಗಾಗಿ 300 ಅಂಶಕ್ಕೆ 22,500 ರೂಪಾಯಿ ನಷ್ಟ. ಖಾತೆಯಲ್ಲಿ 15 ಲಕ್ಷ ಇದ್ದರೆ ಅದರ ಶೇ 1.5. ಒಂದು ವ್ಯವಹಾರದಲ್ಲಿ ಇದಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ ಎಂಬ ಲೆಕ್ಕಾಚಾರ ಅವರದು. (ಸೂಚ್ಯಂಕವನ್ನೇ ನೇರವಾಗಿ ಕೊಳ್ಳಲಾಗದು, ವ್ಯಾಪಾರ ನಡೆಯುವುದು ಅದರ ಫ್ಯೂಚರ್ಸ್‌ನಲ್ಲಿ, ಅಲ್ಲಿ ಬೆಲೆ ತುಸು ಆಚೀಚೆ ಇರುತ್ತದೆ. ಲೆಕ್ಕ ಸುಲಭವಾಗಲೆಂದು ಇಲ್ಲಿ ಸೂಚ್ಯಂಕದ ಅಂಕಿಗಳನ್ನೇ ಹಿಡಿದಿದ್ದೇನೆ.)

ಸೋಮವಾರ 22,700ಕ್ಕೆ ಕೊಳ್ಳುವವರು ಯಾರೂ ಇರಲಿಲ್ಲ. ಆ ದಿನವಿಡೀ ನಿಫ್ಟಿ ಆ ಮಟ್ಟವನ್ನು ಮುಟ್ಟಲೇ ಇಲ್ಲ. ಸ್ಟಾಪ್‌ಲಾಸ್ ಆದೇಶ ಎಂದರೆ ಆ ಬೆಲೆಯನ್ನು ಕೊಡಿಸುವ ಭರವಸೆಯಲ್ಲ; ಬೆಲೆ ಅಲ್ಲಿಗೆ ಬಂದರೆ, ಅಥವಾ ಅದನ್ನು ದಾಟಿ ಕೆಳಗೆ ಹೋದರೆ, ಸಿಕ್ಕ ಬೆಲೆಗೆ ಮಾರು ಎಂಬ ಸೂಚನೆ ಮಾತ್ರ. ಸಿಕ್ಕ ಬೆಲೆ 21,758 ಎಂದರೆ ನಷ್ಟ 1,241.6 ಅಂಶ, ಅಂದರೆ 93,120 ರೂಪಾಯಿ. ಖಾತೆಯ ಶೇ 1.5 ಅಲ್ಲ, ಶೇ 6.2.

ನಿಜವಾದ ಖಾತೆಯಲ್ಲಿ ಈ ಹಣ ಹೋಗಿಯೇ ಹೋಗುತ್ತದೆ. ಹಳೆಯ ಬೆಲೆಗಳ ಮೇಲೆ ತಮ್ಮ ವಿಧಾನವನ್ನು ಓಡಿಸಿ ನೋಡುವ ಬ್ಯಾಕ್‌ಟೆಸ್ಟ್‌ನಲ್ಲಿ ಮಾತ್ರ ಅನೇಕರಿಗೆ ಅದು ಹೋಗುವುದಿಲ್ಲ. ಅಂಥ ಪ್ರೋಗ್ರಾಮಿಗೆ ಪ್ರತಿದಿನದ ನಾಲ್ಕು ಅಂಕಿಗಳು ಸಿಗುತ್ತವೆ: ಆರಂಭದ ಬೆಲೆ, ಗರಿಷ್ಠ, ಕನಿಷ್ಠ, ಮುಕ್ತಾಯ. ಬರೆಯುವವರು ಸಾಮಾನ್ಯವಾಗಿ ದಿನದ ಕನಿಷ್ಠ ಬೆಲೆ ಸ್ಟಾಪ್‌ಗಿಂತ ಕೆಳಗಿದೆಯೇ ಎಂದು ನೋಡುತ್ತಾರೆ, ಇದ್ದರೆ ಸ್ಟಾಪ್ ಬೆಲೆಗೇ ಮಾರಾಟವಾಯಿತು ಎಂದು ದಾಖಲಿಸುತ್ತಾರೆ. ಏಪ್ರಿಲ್ 7ರಂದು ಕನಿಷ್ಠ ಬೆಲೆ 22,700ಕ್ಕಿಂತ ಕೆಳಗಿತ್ತು, ನಿಜ. ಪ್ರೋಗ್ರಾಮು ಕೂಡಲೇ 22,700ಕ್ಕೆ ಮಾರಿದೆ ಎಂದು ಬರೆದುಕೊಳ್ಳುತ್ತದೆ. ಅಂದು ಇಡೀ ದೇಶದಲ್ಲಿ ಯಾರಿಗೂ ಸಿಗದ ಬೆಲೆ ಅದಕ್ಕೆ ಸಿಕ್ಕಿಬಿಡುತ್ತದೆ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಮೊದಲು ಆರಂಭದ ಬೆಲೆಯನ್ನು ನೋಡಬೇಕು, ಆಮೇಲೆ ಕನಿಷ್ಠ ಬೆಲೆಯನ್ನು. ಕೊಂಡು ಇಟ್ಟುಕೊಂಡಿರುವವರ ಸ್ಟಾಪ್‌ಗೆ ನಿಯಮ ಹೀಗಿರುತ್ತದೆ:

```python
if open_ <= stop:
    fill = open_
elif low <= stop:
    fill = stop
```

ಮಾರುಕಟ್ಟೆ ಸ್ಟಾಪ್‌ಗಿಂತ ಕೆಳಗೆ ತೆರೆದರೆ ಆರಂಭದ ಬೆಲೆಗೆ ಮಾರಾಟ; ಮೇಲೆ ತೆರೆದು, ದಿನದ ನಡುವೆ ಇಳಿದರೆ ಸ್ಟಾಪ್ ಬೆಲೆಗೆ. ಮೊದಲೇ ಮಾರಿ ಕುಳಿತವರಿಗೆ ಇದು ತಿರುಗುಮುರುಗು. ಒಂದು ಎಚ್ಚರಿಕೆ ಬೇಕು: ವ್ಯವಹಾರ ಶುರುವಾದ ದಿನವೇ ಈ ಮೊದಲ ಸಾಲನ್ನು ಹಚ್ಚಬಾರದು, ಏಕೆಂದರೆ ಅಂದಿನ ಆರಂಭದ ಬೆಲೆಯ ಹೊತ್ತಿಗೆ ನಾವಿನ್ನೂ ಕೊಂಡಿರಲಿಲ್ಲ. ಬೆಲೆ ಒಂದು ಮಟ್ಟ ದಾಟಿ ಮೇಲೇರಿದರೆ ಕೊಳ್ಳು ಎಂಬ ಆದೇಶವೂ ಇದೇ ಜಾತಿಯದು. ಗ್ಯಾಪ್ ಅಪ್ ಆದ ದಿನ ಅದೂ ನಾವು ಬಯಸಿದ್ದಕ್ಕಿಂತ ದುಬಾರಿ ಬೆಲೆಗೆ ತುಂಬುತ್ತದೆ. ನ್ಯಾಯವಾಗಿ ನಡೆಯಬೇಕೆಂದರೆ ಲಾಭದ ಗುರಿಗೆ ಇಟ್ಟ ಲಿಮಿಟ್ ಆದೇಶಕ್ಕೂ ಆರಂಭದ ಬೆಲೆಯನ್ನೇ ಕೊಡಬೇಕು. ಗುರಿಗಿಂತ ಮೇಲೆ ತೆರೆದರೆ ಆ ಹೆಚ್ಚುವರಿ ನಮಗೆ ನಿಜವಾಗಿಯೂ ಸಿಗುತ್ತದೆ.

ಈ ತಿದ್ದುಪಡಿ ಮಾಡಿ ಬ್ಯಾಕ್‌ಟೆಸ್ಟ್ ಮತ್ತೆ ಓಡಿಸಿದವರು ಮೊದಲು ನೋಡುವುದು ಒಟ್ಟು ಲಾಭವನ್ನು. ಸ್ಟಾಪ್ ದಾಟಿ ತೆರೆಯುವ ದಿನಗಳು ಅಪರೂಪವಾದ್ದರಿಂದ ವರ್ಷದ ಸರಾಸರಿ ಬಹಳ ಕುಸಿದಂತೆ ಕಾಣದೇ ಇರಬಹುದು. ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಮುಂದೆ ಹೋಗುವವರಿದ್ದಾರೆ. ನೋಡಬೇಕಾದದ್ದು ಡ್ರಾಡೌನ್ ಎಂಬ ಅಂಕಿಯನ್ನು. ಖಾತೆಯ ಹಣ ಒಂದು ಶಿಖರ ಮುಟ್ಟಿದ ಮೇಲೆ, ಮತ್ತೆ ಅಲ್ಲಿಗೆ ಏರುವ ಮೊದಲು, ಎಷ್ಟು ಆಳಕ್ಕೆ ಇಳಿಯಿತು ಎಂಬುದರ ಅಳತೆ ಅದು.

ಸತತ ಐದು ವ್ಯವಹಾರಗಳಲ್ಲಿ ನಷ್ಟವಾಯಿತು ಎನ್ನೋಣ. ಪ್ರತಿಯೊಂದೂ ಶೇ 1.5ಕ್ಕೆ ನಿಂತರೆ ಡ್ರಾಡೌನ್ ಶೇ 7.3. ಆ ಐದರಲ್ಲಿ ಒಂದೇ ಒಂದು ಏಪ್ರಿಲ್ 7ರಂತೆ ಶೇ 6.2 ಕಳೆದರೂ ಡ್ರಾಡೌನ್ ಶೇ 11.7ಕ್ಕೆ ಹೋಗುತ್ತದೆ. ಮತ್ತೆ ಶಿಖರ ಮುಟ್ಟಲು ಮೊದಲ ಸಂದರ್ಭದಲ್ಲಿ ಸುಮಾರು ಶೇ 8 ಗಳಿಸಬೇಕಿತ್ತು, ಎರಡನೆಯದರಲ್ಲಿ ಶೇ 13ಕ್ಕೂ ಹೆಚ್ಚು. ನೂರಾರು ವ್ಯವಹಾರಗಳ ಸರಾಸರಿಯಲ್ಲಿ ಕರಗಿಹೋಗುವ ಒಂದು ನಷ್ಟ ಇಲ್ಲಿ ಕರಗುವುದಿಲ್ಲ.

ಗ್ಯಾಪ್‌ಗಳು ಒಂಟಿಯಾಗಿಯೂ ಬರುವುದಿಲ್ಲ. 2020ರ ಮಾರ್ಚ್ ನೋಡಿ. 12ರಂದು ನಿಫ್ಟಿ ಹಿಂದಿನ ದಿನದ 10,458ರಿಂದ ನೇರ 10,040ಕ್ಕೆ ಬಂದು ತೆರೆಯಿತು. ಮರುದಿನ 9,590ರಿಂದ 9,108ಕ್ಕೆ. 23ರಂದು 8,745ರಿಂದ 7,946ಕ್ಕೆ. ಇಂಥ ಬೆಳಗುಗಳಲ್ಲಿ ಬ್ಯಾಂಕ್ ಷೇರು, ಐಟಿ ಷೇರು, ಲೋಹದ ಷೇರು ಎಂಬ ಭೇದ ಹೆಚ್ಚು ಉಳಿಯುವುದಿಲ್ಲ. ಐದು ಬೇರೆ ಬೇರೆ ಷೇರುಗಳಲ್ಲಿ ತಲಾ ಶೇ 1.5 ಅಪಾಯ ಇಟ್ಟವರ ಐದೂ ಸ್ಟಾಪ್‌ಗಳು ಒಂದೇ ನಿಮಿಷದಲ್ಲಿ ಹಾರಿಹೋಗುತ್ತವೆ. ಹಳೆಯ ನಿಯಮದ ಬ್ಯಾಕ್‌ಟೆಸ್ಟ್ ಅಂದಿನ ನಷ್ಟವನ್ನು ಶೇ 7.5 ಎಂದು ತೋರಿಸುತ್ತದೆ. ಪ್ರತಿಯೊಂದೂ ನಮ್ಮ ಏಪ್ರಿಲ್ ಉದಾಹರಣೆಯಷ್ಟೇ, ಅಂದರೆ ಅಪಾಯದ ನಾಲ್ಕು ಪಟ್ಟಿಗೂ ತುಸು ಹೆಚ್ಚು ಕಳೆದರೆ, ಅದು ಶೇ 31. ಶೇ 31 ಇಳಿದ ಖಾತೆ ಮೊದಲಿನ ಸ್ಥಿತಿಗೆ ಬರಲು ಶೇ 45 ಗಳಿಸಬೇಕು.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತಿ ಅಪಾಯಕಾರಿಯಾದದ್ದು ಇನ್ನೊಂದಿದೆ. ತಪ್ಪು ನಿಯಮ ಎಲ್ಲ ವಿಧಾನಗಳಿಗೂ ಒಂದೇ ಪ್ರಮಾಣದಲ್ಲಿ ಸುಳ್ಳು ಹೇಳುವುದಿಲ್ಲ. ಸ್ಟಾಪ್ ಎಷ್ಟು ಹತ್ತಿರವೋ ಅಷ್ಟು ದೊಡ್ಡ ಸುಳ್ಳು ಹೇಳುತ್ತದೆ. ಅದೇ ಶುಕ್ರವಾರ ಇನ್ನೊಬ್ಬರು 22,900ಕ್ಕೆ ಕೊಂಡು, ಬರೀ 100 ಅಂಶ ಕೆಳಗೆ, 22,800ಕ್ಕೆ ಸ್ಟಾಪ್ ಇಟ್ಟರು ಎನ್ನಿ. ಅಪಾಯ ಮೊದಲಿನಷ್ಟೇ, 22,500 ರೂಪಾಯಿ. ಸ್ಟಾಪ್ ಹತ್ತಿರವಿರುವುದರಿಂದ ಅದೇ ಅಪಾಯಕ್ಕೆ ಅವರು ಮೂರು ಲಾಟ್ ಕೊಳ್ಳಬಹುದು. ಬೆಳಿಗ್ಗೆ 21,758ಕ್ಕೆ ಮಾರಾಟವಾದಾಗ ಅವರ ನಷ್ಟ 1,141.6 ಅಂಶವನ್ನು 225ರಿಂದ ಗುಣಿಸಿದಷ್ಟು: 2,56,860 ರೂಪಾಯಿ, ಖಾತೆಯ ಶೇ 17. ಬ್ಯಾಕ್‌ಟೆಸ್ಟ್‌ನ ಕಾಗದದಲ್ಲಿ ಇಬ್ಬರ ನಷ್ಟವೂ 22,500.

ಈಗ ಕಂಪ್ಯೂಟರಿಗೆ ನೂರಾರು ಸ್ಟಾಪ್ ದೂರಗಳನ್ನು ಕೊಟ್ಟು, ಅತ್ಯುತ್ತಮವಾದದ್ದನ್ನು ಹುಡುಕು ಎಂದರೆ ಏನಾಗುತ್ತದೆ? ಹತ್ತಿರದ ಸ್ಟಾಪ್‌ಗಳಿಗೆ ದೊಡ್ಡ ಗಾತ್ರದ ಲಾಭ ಪೂರ್ತಿ ಸಿಗುತ್ತದೆ, ದೊಡ್ಡ ಗಾತ್ರದ ಗ್ಯಾಪ್ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅದು ಹತ್ತಿರದ ಸ್ಟಾಪ್‌ಗಳ ಕಡೆಗೇ ವಾಲುತ್ತದೆ, ಯಾವುದು ಖಾತೆಯನ್ನು ಮುಳುಗಿಸಬಲ್ಲದೋ ಅದನ್ನೇ ಎತ್ತಿ ತೋರಿಸುತ್ತದೆ. ನಿಯಮ ತಿದ್ದಿ ಓಡಿಸಿದರೆ ರಾತ್ರಿಯಿಡೀ ಹಿಡಿದಿಡುವ ವಿಧಾನಗಳಲ್ಲಿ ಗಾತ್ರವನ್ನು ಸ್ಟಾಪ್‌ನ ದೂರವೊಂದರಿಂದಲೇ ನಿರ್ಧರಿಸಬಾರದು ಎಂಬುದು ಅಂಕಿಯಲ್ಲೇ ಕಾಣುತ್ತದೆ. ಸೂಚ್ಯಂಕ ಶೇ 5 ಕೆಳಗೆ ತೆರೆದರೆ ಒಟ್ಟು ಎಷ್ಟು ಹೋಗುತ್ತದೆ ಎಂಬ ಎರಡನೆಯ ಮಿತಿಯೂ ಬೇಕು. ಸಂಜೆಗೆ ಎಲ್ಲವನ್ನೂ ಮಾರಿ ಎದ್ದುಹೋಗುವವರಿಗೆ ಈ ರಾತ್ರಿಯ ಗ್ಯಾಪ್‌ನ ತೊಂದರೆ ಇಲ್ಲ.

ಆರಂಭದ ಬೆಲೆಗೆ ತುಂಬಿಸುವ ನಿಯಮವೂ ಕೆಲವೊಮ್ಮೆ ಉದಾರವೇ. ಟ್ರಿಗರ್ ಜೊತೆಗೆ ಲಿಮಿಟ್ ಬೆಲೆಯನ್ನೂ ಕೊಡಬೇಕಾದ ಆದೇಶವಾಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಎನ್‌ಎಸ್‌ಇ 2021ರಲ್ಲಿ ಆಪ್ಷನ್‌ಗಳಿಗೆ ಮಾರ್ಕೆಟ್ ಬೆಲೆಯ ಸ್ಟಾಪ್‌ಲಾಸ್ ನಿಲ್ಲಿಸಿದ ಮೇಲೆ ಅಲ್ಲಿ ಉಳಿದಿರುವುದು ಈ ಬಗೆಯೇ. ಟ್ರಿಗರ್ 22,700, ಲಿಮಿಟ್ 22,680 ಇದ್ದಿದ್ದರೆ ನಮ್ಮ ಆದೇಶ ಏಪ್ರಿಲ್ 7ರ ಬೆಳಿಗ್ಗೆ ಜಾಗೃತವಾಗಿ, 22,680 ಕೊಡುವವರಿಗಾಗಿ ಸಂಜೆಯವರೆಗೆ ಸುಮ್ಮನೆ ಕಾದು, ರದ್ದಾಗುತ್ತಿತ್ತು. ಲಾಟ್ ಕೈಯಲ್ಲೇ ಉಳಿಯುತ್ತಿತ್ತು. ಅಂದು ಸೂಚ್ಯಂಕ 22,161ಕ್ಕೆ ಚೇತರಿಸಿಕೊಂಡದ್ದರಿಂದ ಅದು ವರವಾಯಿತು, ಪ್ರತಿಸಲ ಹಾಗಾಗುವುದಿಲ್ಲ. ಇನ್ನು ಬಿಡಿ ಷೇರೊಂದು ಲೋಯರ್ ಸರ್ಕ್ಯೂಟ್‌ಗೆ ತಾಗಿ ಕೊಳ್ಳುವವರಿಲ್ಲದೆ ನಿಂತರೆ ಯಾವ ಬೆಲೆಗೂ ಮಾರಾಟವಿಲ್ಲ. ದಿನದ ನಾಲ್ಕೂ ಅಂಕಿಗಳು ಒಂದೇ ಆಗಿದ್ದರೆ ಬ್ಯಾಕ್‌ಟೆಸ್ಟ್ ಆ ದಿನ ಮಾರಬಾರದು, ಮರುದಿನಕ್ಕೆ ಕಾಯಬೇಕು.

ಅಂಕಿಗಳಲ್ಲೇ ಸುಳ್ಳು ಗ್ಯಾಪ್ ಇರುವುದೂ ಉಂಟು. ಬೆಂಗಳೂರಿನ ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ಷೇರಿನ ಬೆಲೆ ಸಹಜವಾಗಿ ಅರ್ಧಕ್ಕಿಳಿಯಿತು, ಷೇರುಗಳ ಸಂಖ್ಯೆ ಇಮ್ಮಡಿಯಾಯಿತು, ಯಾರೂ ಕಳೆದುಕೊಳ್ಳಲಿಲ್ಲ. ಬೋನಸ್‌ಗೆ ಸರಿಹೊಂದಿಸದ ಬೆಲೆಪಟ್ಟಿಯ ಮೇಲೆ ಹೊಸ ನಿಯಮ ಓಡಿಸಿದರೆ ಅದು ಶೇ 50ರ ನಷ್ಟ ಎಂದು ಬರೆದುಕೊಳ್ಳುತ್ತದೆ. ಹೀಗಾಗಿ ದೊಡ್ಡ ಗ್ಯಾಪ್ ಕಂಡಾಗಲೆಲ್ಲ ಅಂದು ಬೋನಸ್, ಷೇರು ವಿಭಜನೆ ಅಥವಾ ದೊಡ್ಡ ಡಿವಿಡೆಂಡ್ ಇತ್ತೇ ಎಂದು ನೋಡಲೇಬೇಕು.

ಯಾರಾದರೂ ಟ್ರೇಡಿಂಗ್ ವಿಧಾನವೊಂದನ್ನು ಮಾರಲು ಬಂದು ಗ್ರಾಫ್ ತೋರಿಸಿದರೆ, ಅದರ ಅತಿ ದೊಡ್ಡ ಹತ್ತು ನಷ್ಟಗಳ ಪಟ್ಟಿ ಕೇಳಿ. ಪ್ರತಿ ಸಾಲಿನಲ್ಲೂ ಮಾರಿದ ಬೆಲೆ, ಆ ದಿನದ ಆರಂಭದ ಬೆಲೆ, ಗರಿಷ್ಠ ಮತ್ತು ಕನಿಷ್ಠ ಇರಲಿ. ರಾತ್ರಿ ಹಿಡಿದಿಡುವ ವಿಧಾನದಲ್ಲಿ ಒಂದು ನಷ್ಟವೂ ನಿಗದಿತ ಅಪಾಯವನ್ನು ಮೀರಿಲ್ಲದಿದ್ದರೆ, ಅಥವಾ ಮಾರಿದ ಬೆಲೆ ಆ ದಿನದ ಗರಿಷ್ಠಕ್ಕಿಂತ ಮೇಲಿದ್ದರೆ, ಅವರು ತೋರಿಸುವ ಡ್ರಾಡೌನ್ ಅಂಕಿಯನ್ನು ನಂಬಬೇಡಿ.