ಅಮ್ಮನಿಗೆ ಒಂದು ಬಾಟಲಿ, ಒಂದು ಚೀಟಿ

ಅಮ್ಮನ ಹುಟ್ಟುಹಬ್ಬಕ್ಕೆ ಚರ್ಮದ ಆರೈಕೆಯ ವಸ್ತು ಕೊಡಬೇಕೆಂದು ಹೊರಟವರ ಕಣ್ಣಿಗೆ ಅಂಗಡಿಯಲ್ಲಿ ಮೊದಲು ಬೀಳುವುದು ಗಿಫ್ಟ್ ಬಾಕ್ಸ್. ಫೇಸ್‌ವಾಶ್, ಟೋನರ್, ಸೀರಮ್, ನೈಟ್ ಕ್ರೀಮ್ ಎಲ್ಲವೂ ಅದರಲ್ಲಿರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಅಮ್ಮ ಅದನ್ನು ಬೀರುವಿನಲ್ಲಿಡುತ್ತಾಳೆ. ಐವತ್ತು ದಾಟಿದ ಹೆಚ್ಚಿನವರ ಚರ್ಮಕ್ಕೆ ನಿಜವಾಗಿ ಬೇಕಿರುವುದು ಒಂದೇ ವಸ್ತು: ಸುಗಂಧ ಬೆರೆಸದ, ದಿನವೂ ಹಚ್ಚಿಕೊಳ್ಳಬಹುದಾದ ಮಾಯಿಶ್ಚರೈಸರ್. ಅದರ ಜೊತೆಗೆ ಹೇಗೆ ಬಳಸಬೇಕೆಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಇದ್ದರೆ ಉಡುಗೊರೆ ಪೂರ್ತಿಯಾಗುತ್ತದೆ.

ದಾವಣಗೆರೆಯ ಕಡೆಯ, 54 ವರ್ಷದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಬಿಸಿಬಿಸಿ ನೀರಿನ ಸ್ನಾನ, ಹತ್ತಾರು ವರ್ಷದಿಂದ ಅದೇ ಗಂಧದ ಸೋಪು, ಸ್ನಾನವಾದ ಮೇಲೆ ಹಣೆಗೆ ಕುಂಕುಮ. ಮುಟ್ಟು ನಿಂತು ಕೆಲವು ವರ್ಷಗಳಾಗಿವೆ. ಮುಖ ತೊಳೆದರೆ ಬಿಗಿದಂತಾಗುತ್ತದೆ. ಚಳಿಗಾಲದಲ್ಲಿ ಮೊಣಕಾಲ ಕೆಳಗೆ ಚರ್ಮ ಬಿಳಿಚಿಕೊಂಡು ಪದರ ಏಳುತ್ತದೆ, ರಾತ್ರಿ ಕೆರೆತ ಹೆಚ್ಚು. ಮುಂಚೆ ಇಲ್ಲದ್ದು ಈಗ ಯಾಕೆ ಎಂದು ಅವರಿಗೇ ಆಶ್ಚರ್ಯ.

ಕಾರಣ ಎರಡು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ. ಅದರೊಂದಿಗೆ ಚರ್ಮದ ಎಣ್ಣೆಯಂಶ ಕಡಿಮೆಯಾಗುತ್ತದೆ, ಚರ್ಮ ತೆಳುವಾಗುತ್ತದೆ, ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕುಂದುತ್ತದೆ. ಇನ್ನೊಂದು ಕಾರಣ ಸೋಪು. ಆರೋಗ್ಯವಂತ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸ್ನಾನದ ಸೋಪು ಕ್ಷಾರೀಯ, 9ರಿಂದ 10ರ ಆಸುಪಾಸು. ಇಪ್ಪತ್ತೈದರ ಚರ್ಮ ಈ ಏರುಪೇರನ್ನು ಬೇಗ ಸರಿಮಾಡಿಕೊಳ್ಳುತ್ತದೆ. ಐವತ್ತರ ಚರ್ಮಕ್ಕೆ ಅದು ಕಷ್ಟ. ಬಿಸಿನೀರು ಉಳಿದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಡಬ್ಬಿಯ ಹಿಂಬದಿ ಓದುವುದು

ಕೊಳ್ಳುವಾಗ ಮುಂಬದಿಯ ಮಾತನ್ನು ಬಿಟ್ಟು ಹಿಂಬದಿಯ ಪಟ್ಟಿ ನೋಡಬೇಕು. ಹೆಚ್ಚು ಪ್ರಮಾಣದಲ್ಲಿರುವುದು ಅಲ್ಲಿ ಮೊದಲು ಬರುತ್ತದೆ. ಆರಂಭದ ನಾಲ್ಕೈದು ಹೆಸರುಗಳಲ್ಲಿ ಗ್ಲಿಸರಿನ್ ಇರಲಿ, ಅದು ನೀರನ್ನು ಚರ್ಮದಲ್ಲಿ ಹಿಡಿದಿಡುತ್ತದೆ. ಪೆಟ್ರೊಲೇಟಮ್ ಅಥವಾ ಡೈಮೆಥಿಕೋನ್ ಇದ್ದರೆ ಅದು ಆ ನೀರು ಆರಿಹೋಗದಂತೆ ಮೇಲಿನಿಂದ ತಡೆಯುತ್ತದೆ. ಸೆರಮೈಡ್ ಎಂಬುದು ಚರ್ಮದ ಕಣಗಳ ನಡುವೆ ಸಹಜವಾಗಿಯೇ ಇರುವ ಕೊಬ್ಬು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕ್ರೀಮು ಕೆಟ್ಟದ್ದೇನಲ್ಲ.

ಪಟ್ಟಿಯ ಕೊನೆಯಲ್ಲಿ ಹುಡುಕಬೇಕಾದ ಪದ ಫ್ರೇಗ್ರೆನ್ಸ್ ಅಥವಾ ಪರ್ಫ್ಯೂಮ್. ಕ್ರೀಮುಗಳಿಂದ ಬರುವ ಅಲರ್ಜಿಗೆ ಸುಗಂಧ ದ್ರವ್ಯ ಮುಖ್ಯ ಕಾರಣಗಳಲ್ಲೊಂದು, ಹಾಗಾಗಿ ಆ ಪದವಿದ್ದರೆ ಬಾಟಲಿಯನ್ನು ಅಲ್ಲೇ ಇಟ್ಟುಬಿಡಿ. ‘ಅನ್‌ಸೆಂಟೆಡ್’ ಎಂದು ಬರೆದಿದ್ದರೂ ಪಟ್ಟಿ ನೋಡಲೇಬೇಕು. ಬೇರೆ ಪದಾರ್ಥಗಳ ವಾಸನೆ ಮುಚ್ಚಲು ಸುಗಂಧ ಸೇರಿಸಿದ ಕ್ರೀಮಿಗೂ ಆ ಹೆಸರು ಇರಬಹುದು. ‘ನೈಸರ್ಗಿಕ’ ಎಂಬುದನ್ನೂ ಸೌಮ್ಯ ಎಂದು ತಿಳಿಯಬೇಡಿ. ನಿಂಬೆ, ಲ್ಯಾವೆಂಡರ್ ಎಣ್ಣೆಗಳೂ ಚರ್ಮವನ್ನು ಕೆರಳಿಸಬಲ್ಲವು.

ಅಗಲ ಬಾಯಿಯ ಡಬ್ಬಿಗಿಂತ ಪಂಪ್ ಇರುವ ಬಾಟಲಿ ಒಳ್ಳೆಯದು. ಬೆರಳ ಗಂಟು ನೋಯುವವರಿಗೆ ಮುಚ್ಚಳ ತಿರುಗಿಸುವ ಕಷ್ಟವಿಲ್ಲ, ಒದ್ದೆ ಕೈ ಒಳಗೆ ಹೋಗುವುದೂ ಇಲ್ಲ. ‘ಸುಕ್ಕು ನಿವಾರಕ’ ಎಂದು ದೊಡ್ಡದಾಗಿ ಬರೆದಿರುವುದು ಬೇಡ. ಅಂಥವುಗಳಲ್ಲಿ ಅನೇಕಕ್ಕೆ ರೆಟಿನಾಲ್ ಹಾಕಿರುತ್ತಾರೆ, ಒಣ ಚರ್ಮಕ್ಕೆ ಅದು ಆರಂಭದಲ್ಲಿ ಉರಿ ತರುತ್ತದೆ. ಹುಟ್ಟುಹಬ್ಬದ ದಿನ ನಿನ್ನ ಮುಖದಲ್ಲಿ ಸುಕ್ಕಿದೆ ಎಂದು ಅಮ್ಮನಿಗೆ ಹೇಳುವ ಅಗತ್ಯವೂ ಇಲ್ಲ.

ಅಂಗಡಿಯಲ್ಲಿ ‘ಬಂಗಿಗೆ ಒಳ್ಳೆಯದು, ಮುಖ ಬೆಳ್ಳಗಾಗುತ್ತದೆ’ ಎಂದು ಕೊಡುವ ಟ್ಯೂಬನ್ನು ಮಾತ್ರ ಯಾವ ಕಾರಣಕ್ಕೂ ಉಡುಗೊರೆ ಮಾಡಬೇಡಿ. ಅವುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತ ಔಷಧಗಳು. ಪಟ್ಟಿಯಲ್ಲಿ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಿರುತ್ತವೆ. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣತೊಡಗುತ್ತವೆ, ಬಿಟ್ಟರೆ ಕೆಂಪಾಗಿ ಉರಿಯುತ್ತದೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ.

ಚೀಟಿಯಲ್ಲಿ ಏನು ಬರೆಯುವುದು

ಚೀಟಿಯಲ್ಲಿ ಮೂರು ವಿಷಯ ಇರಬೇಕು: ಮೊದಲು ಪರೀಕ್ಷೆ, ಆಮೇಲೆ ಯಾವಾಗ ಹಚ್ಚಬೇಕು, ಎಲ್ಲಿಗೆ ಹಚ್ಚಬೇಕು. ಅಮ್ಮನ ದಿನಚರಿಯಲ್ಲಿ ಈಗಾಗಲೇ ಇರುವ ಹೊತ್ತಿಗೇ ಅದನ್ನು ಹೊಂದಿಸಿದರೆ ಹೊಸ ಕೆಲಸ ಕೊಟ್ಟಂತಾಗುವುದಿಲ್ಲ. ಅಕ್ಷರ ದೊಡ್ಡದಾಗಿರಲಿ, ಕನ್ನಡಕ ಹುಡುಕದೆ ಓದುವಂತಿರಲಿ. ಆ ದಾವಣಗೆರೆಯ ತಾಯಿಗೆ ಮಗಳು ಹೀಗೆ ಬರೆಯಬಹುದು:

“ಅಮ್ಮ, ಚಳಿಗಾಲದಲ್ಲಿ ನೀನು ರಾತ್ರಿ ಎದ್ದು ಕಾಲು ಕೆರೆದುಕೊಳ್ಳುವುದನ್ನು ನೋಡಿದ್ದೇನೆ. ಅದಕ್ಕೇ ಈ ಕ್ರೀಮು. ಇದರಲ್ಲಿ ಸೆಂಟು ಹಾಕಿಲ್ಲ. ಮೊದಲ ಒಂದು ವಾರ ಮೊಣಕೈಯ ಒಳಬದಿಗೆ, ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ಬೆಳಿಗ್ಗೆ, ರಾತ್ರಿ ಹಚ್ಚಿ ನೋಡು. ಕೆಂಪಾದರೆ, ತುರಿಸಿದರೆ ತೊಳೆದುಬಿಟ್ಟು ನನಗೆ ಫೋನ್ ಮಾಡು. ಏನೂ ಆಗದಿದ್ದರೆ ದಿನಾ ಸ್ನಾನ ಮಾಡಿ ಬಂದ ಕೂಡಲೇ, ಮೈ ಪೂರ್ತಿ ಆರುವ ಮುಂಚೆ, ಮುಖಕ್ಕೆ, ಕೈಗೆ, ಮೊಣಕಾಲ ಕೆಳಗೆ ಸವರಿಕೋ. ಕುಂಕುಮ ಆಮೇಲೆ ಇಟ್ಟುಕೋ. ನೀರು ತೀರಾ ಬಿಸಿ ಬೇಡ. ಬಾಟಲಿಯನ್ನು ಬೀರುವಿನಲ್ಲಿ ಎತ್ತಿಡಬೇಡ, ಕನ್ನಡಿಯ ಹತ್ತಿರ ಇಡು. ಮುಗಿದರೆ ಇನ್ನೊಂದು ತರುತ್ತೇನೆ.”

ಮೈ ಆರುವ ಮುಂಚೆ ಎಂಬ ಮಾತಿಗೆ ಕಾರಣವಿದೆ. ಸ್ನಾನವಾದ ಕೆಲವೇ ನಿಮಿಷದಲ್ಲಿ ಚರ್ಮದ ಮೇಲಿನ ತೇವ ಆರಿಹೋಗುತ್ತದೆ. ಟವೆಲಿನಿಂದ ಒತ್ತಿ ಒರೆಸಿ ಆಗಲೇ ಹಚ್ಚಿದರೆ ಕ್ರೀಮು ಆ ತೇವವನ್ನೇ ಹಿಡಿದಿಡುತ್ತದೆ. ಪರೀಕ್ಷೆಗೆ ಒಂದು ವಾರ ಬೇಕು, ಏಕೆಂದರೆ ಅಲರ್ಜಿ ಎಷ್ಟೋ ಸಲ ಮೊದಲ ದಿನ ಕಾಣಿಸುವುದಿಲ್ಲ. ಗಂಧದ ಸೋಪನ್ನು ಪೂರ್ತಿ ಬಿಡಿಸುವ ಜಗಳವೂ ಬೇಡ. ಕಂಕುಳು, ಪಾದಗಳಿಗೆ ಅದಿರಲಿ, ಮುಖಕ್ಕೂ ಕಾಲಿನ ಒಣ ಭಾಗಕ್ಕೂ ಬರೀ ನೀರು ಸಾಕು. ಹೊಲ, ಸಂತೆ, ವಾಕಿಂಗ್ ಎಂದು ಬಿಸಿಲಿಗೆ ಹೋಗುವ ಅಮ್ಮನಾದರೆ ಮುಂದಿನ ಉಡುಗೊರೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಆಗಲಿ. ಎರಡನ್ನೂ ಒಟ್ಟಿಗೆ ಕೊಟ್ಟರೆ, ತುರಿಕೆ ಬಂದಾಗ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಕ್ರೀಮಿನಿಂದ ಆಗದ್ದು

ಮಾಯಿಶ್ಚರೈಸರ್ ಒಣಗುವಿಕೆಗೆ ಮದ್ದು, ಎಲ್ಲದಕ್ಕೂ ಅಲ್ಲ. ಸ್ಟಿಕರ್ ಬಿಂದಿ ಅಂಟಿಸುವ ಜಾಗ ಬೆಳ್ಳಗಾಗುತ್ತಿದ್ದರೆ ಅದಕ್ಕೆ ಕಾರಣ ಅಂಟಿನಲ್ಲಿರುವ ರಾಸಾಯನಿಕವಿರಬಹುದು. ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ಕಪ್ಪಾಗುತ್ತಿದ್ದರೆ ಕೂದಲಿನ ಡೈ ಮೇಲೆ ಅನುಮಾನ ಪಡಬೇಕು. ಎರಡರಲ್ಲೂ ಮೊದಲು ಆ ವಸ್ತುವನ್ನು ನಿಲ್ಲಿಸಿ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಮೈಯೆಲ್ಲ ತುರಿಕೆ ಇದ್ದು, ಕೆಲವು ವಾರ ಕ್ರೀಮು ಹಚ್ಚಿದರೂ ಕಡಿಮೆಯಾಗದಿದ್ದರೆ ಥೈರಾಯ್ಡ್, ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಅಗತ್ಯವಾಗಬಹುದು.

ಒಂದು ತಿಂಗಳ ಬಳಿಕ ಊರಿಗೆ ಹೋದಾಗ ಬಾಟಲಿಯನ್ನು ಎತ್ತಿ ನೋಡಿ. ತುಂಬಿದ ಹಾಗೆಯೇ ಇದ್ದರೆ ಯಾಕೆ ಹಚ್ಚಲಿಲ್ಲ ಎಂದು ಗದರಬೇಡಿ, ಹಚ್ಚಿದಾಗ ಹೇಗನ್ನಿಸಿತು ಎಂದು ಕೇಳಿ. ‘ಅಂಟಂಟು’ ಎಂದರೆ ಕ್ರೀಮಿನ ಬದಲು ತೆಳುವಾದ ಲೋಷನ್ ತನ್ನಿ. ‘ಉರಿಯಿತು’ ಎಂದರೆ ಆ ಬಾಟಲಿಯ ಪಟ್ಟಿಯನ್ನು ಫೋಟೊ ತೆಗೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಅರ್ಧ ಖಾಲಿಯಾಗಿದ್ದರೆ ಅದನ್ನೇ ಇನ್ನೊಂದು ಕೊಂಡು ಬನ್ನಿ, ಬೇರೆ ಯಾವುದನ್ನೂ ಸೇರಿಸಬೇಡಿ.