ಒಂದು ಪುಟ, 48 ಚದರ ಅಡಿ, 34 ದಿನ

ಮಾಲ್‌ಗಳಲ್ಲಿ ಜನ ಓಡಾಡುವ ಹಾದಿಯ ನಡುವೆ ಹಬ್ಬದ ತಿಂಗಳಲ್ಲಿ ಮಾತ್ರ ಕಾಣಿಸಿಕೊಳ್ಳುವ ಪುಟ್ಟ ಮಳಿಗೆಗಳಿರುತ್ತವಲ್ಲ, ಅವುಗಳಿಗೆ ಆ ವ್ಯವಹಾರದವರು ಕಿಯಾಸ್ಕ್ ಎನ್ನುತ್ತಾರೆ. ಆ ಮಳಿಗೆ ಅಲ್ಲಿ ಎದ್ದು ನಿಲ್ಲುವುದಕ್ಕೆ ಎರಡು ಮೂರು ತಿಂಗಳ ಮೊದಲೇ ಮಾಲ್ ಮ್ಯಾನೇಜರ್ ಮೇಜಿಗೆ ಒಂದು ಕಾಗದ ಹೋಗಿರುತ್ತದೆ. ಒಂದೇ ಪುಟ. ಅದನ್ನು ಚೆನ್ನಾಗಿ ಬರೆಯಬಲ್ಲವರ ಬಗ್ಗೆ ನನಗೆ ತುಂಬ ಮೆಚ್ಚುಗೆ. ಮಾರುವವರ ಮನಸ್ಸಿನಲ್ಲಿ ತಮ್ಮ ಸರಕು ತುಂಬಿಕೊಂಡಿರುತ್ತದೆ. ಆದರೂ ಕಾಗದದಲ್ಲಿ ಅವರು ಓದುವವನ ಚಿಂತೆಗಳನ್ನೇ ಬರೆಯಬೇಕು. ಹಾಗೆ ಬರೆಯುವುದು ಸುಲಭವಲ್ಲ.

ಮ್ಯಾನೇಜರ್ ಆ ಪುಟವನ್ನು ಓದಿ ಒಬ್ಬನೇ ತೀರ್ಮಾನಿಸುವುದಿಲ್ಲ. ಬಾಡಿಗೆ ನೋಡುವ ಲೀಸಿಂಗ್‌ನವರಿಗೆ, ಕಟ್ಟಡ ನೋಡಿಕೊಳ್ಳುವ ಆಪರೇಷನ್ಸ್‌ನವರಿಗೆ, ಬೆಂಕಿ ಮತ್ತು ಭದ್ರತೆಯ ಹೊಣೆ ಹೊತ್ತವರಿಗೆ, ಲೆಕ್ಕಪತ್ರದವರಿಗೆ ಅದನ್ನೇ ಮುಂದೆ ಕಳಿಸುತ್ತಾನೆ. ಬರೆದವರು ಅಲ್ಲಿ ನಿಂತು ವಿವರಿಸುವ ಹಾಗಿಲ್ಲ. ಆದ್ದರಿಂದ ಪುಟ ತಾನೇ ನಾಲ್ಕು ಕೋಣೆ ಸುತ್ತಿ, ಪ್ರತಿ ಕೋಣೆಯ ಪ್ರಶ್ನೆಗೂ ಉತ್ತರ ಹೇಳಿ ಬರಬೇಕು. ಉಳಿದುಹೋದ ಒಂದೊಂದು ಪ್ರಶ್ನೆಗೂ ಒಂದೊಂದು ಫೋನ್ ಕರೆ ಬೇಕಾಗುತ್ತದೆ. ಹಬ್ಬದ ಮುಂಚಿನ ಗಡಿಬಿಡಿಯಲ್ಲಿ ಅಂಥ ಕರೆ ಮಾಡುವ ಬದಲು ಮುಂದಿನ ಅರ್ಜಿ ಎತ್ತಿಕೊಳ್ಳುವುದೇ ಹೆಚ್ಚು.

ಒಂದು ಪುಟವನ್ನೇ ಕಟ್ಟಿ ನೋಡೋಣ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಗೊಂಬೆ ಮಾಡುವ ಒಂದು ಕುಟುಂಬ 2025ರ ದಸರಾ, ದೀಪಾವಳಿಗೆ ಬೆಂಗಳೂರಿನ ಒಂದು ಮಾಲ್‌ನಲ್ಲಿ ಜಾಗ ಕೇಳುತ್ತಿದೆ ಎಂದಿಟ್ಟುಕೊಳ್ಳಿ. ತಿಥಿ, ವಾರಗಳು ಆ ವರ್ಷದವೇ. ಹಣದ ಅಂಕಿಗಳು ಮಾತ್ರ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು.

ಮೊದಲ ವಾಕ್ಯ ಹೀಗಿರಲಿ: “ಸೆಪ್ಟೆಂಬರ್ 19ರಿಂದ ಅಕ್ಟೋಬರ್ 22ರವರೆಗೆ, 34 ದಿನ, ನೆಲಮಹಡಿಯಲ್ಲಿ 8 ಅಡಿ ಉದ್ದ 6 ಅಡಿ ಅಗಲದ ಜಾಗದಲ್ಲಿ ದಸರಾ ಗೊಂಬೆಗಳ ಕಿಯಾಸ್ಕ್ ನಡೆಸಲು ಅನುಮತಿ ಕೋರುತ್ತೇವೆ, ಇದಕ್ಕೆ ₹1,20,000 ಮತ್ತು ಜಿಎಸ್‌ಟಿ ಕೊಡಲು ಸಿದ್ಧರಿದ್ದೇವೆ.” ಯಾವಾಗ, ಎಲ್ಲಿ, ಎಷ್ಟು ಜಾಗ, ಏನು ಸರಕು, ಎಷ್ಟು ಹಣ ಎಂಬುದೆಲ್ಲ ಒಂದೇ ಉಸಿರಿನಲ್ಲಿ ಬಂತು. ಬಹಳ ಅರ್ಜಿಗಳು ಕುಟುಂಬದ ಪರಂಪರೆಯಿಂದ ಶುರುವಾಗಿ, ಎರಡು ಪ್ಯಾರಾ ಕಳೆದ ಮೇಲೆ “ಸೂಕ್ತ ಜಾಗವನ್ನು ಸೂಕ್ತ ದರಕ್ಕೆ” ಕೇಳುತ್ತವೆ. ಜಾಗವನ್ನು ಅಡಿಯ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ ಮಾರುವವನಿಗೆ ಆ ‘ಸೂಕ್ತ’ದಿಂದ ಯಾವ ಉಪಯೋಗವೂ ಇಲ್ಲ.

ಈ ದಿನಾಂಕಗಳ ಆಯ್ಕೆಯಲ್ಲೇ ಕಸುಬಿನ ಅರಿವು ಕಾಣುತ್ತದೆ. ‘ಹಬ್ಬದ ತಿಂಗಳು’ ಎಂದೊಡನೆ ಒಂದನೇ ತಾರೀಖಿನಿಂದ ಮೂವತ್ತರವರೆಗೆ ಕೇಳುವವರೇ ಹೆಚ್ಚು. ಆದರೆ ಸೆಪ್ಟೆಂಬರ್‌ನ ಎರಡನೆಯ, ಮೂರನೆಯ ವಾರ ಪಿತೃಪಕ್ಷ. ಶುಭಕಾರ್ಯದ ಖರೀದಿಯನ್ನು ಅನೇಕ ಮನೆಗಳು ಮುಂದೂಡುತ್ತವೆ. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ, ನವರಾತ್ರಿ ಶುರುವಾದದ್ದು ಮರುದಿನ ಸೋಮವಾರ. ಇನ್ನೊಂದು ಕಡೆ, ಪಟ್ಟದ ಗೊಂಬೆ ಕೂರಿಸುವ ಮನೆಯವರು ಹೊಸದಾಗಿ ಕೊಳ್ಳುವುದು ಗೊಂಬೆ ಕೂರಿಸುವ ಮೊದಲೇ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಆ ಗಿರಾಕಿ ಆಗಲೇ ಕೈತಪ್ಪಿರುತ್ತಾರೆ. ಹಾಗಾಗಿ ಪಿತೃಪಕ್ಷದ ಬಾಡಿಗೆಯನ್ನು ಆದಷ್ಟು ಉಳಿಸಿ, ನವರಾತ್ರಿಗೆ ಮುಂಚಿನ ಶನಿವಾರ, ಭಾನುವಾರಗಳನ್ನು ಮಾತ್ರ ಹಿಡಿಯಲು 19ರ ಶುಕ್ರವಾರ. ಆಮೇಲೆ ಅಕ್ಟೋಬರ್ 2ರ ವಿಜಯದಶಮಿಗೆ ಗೊಂಬೆ ಹಬ್ಬ ಮುಗಿಯಿತು. ಅಲ್ಲಿಂದ ದೀಪಾವಳಿಯವರೆಗೆ ಸರಕು ಬದಲಾಗಬೇಕು. ರಾಜ–ರಾಣಿ ಗೊಂಬೆ, ಮದುವೆ ದಿಬ್ಬಣದ ಜಾಗಕ್ಕೆ ಮಕ್ಕಳ ಆಟಿಕೆ, ಉಡುಗೊರೆ ಪೆಟ್ಟಿಗೆ ಬರಬೇಕು. 22ರ ಬುಧವಾರ ಬಲಿಪಾಡ್ಯಮಿ, ಅಂದಿಗೆ ಮುಕ್ತಾಯ. ಇವಿಷ್ಟನ್ನೂ ಪುಟದಲ್ಲಿ ಬರೆಯಬೇಕಿಲ್ಲ. “ಅಕ್ಟೋಬರ್ 3ರಿಂದ ದೀಪಾವಳಿ ಉಡುಗೊರೆಗಳು” ಎಂಬ ಒಂದು ಸಾಲು ಸಾಕು. ಈ 34 ದಿನಗಳೊಳಗೆ ಐದು ವಾರಾಂತ್ಯಗಳಿವೆ ಎಂಬುದನ್ನು ಮ್ಯಾನೇಜರ್ ತಾನೇ ಎಣಿಸಿಕೊಳ್ಳುತ್ತಾನೆ.

ಇನ್ನು ಜಾಗ. ಮ್ಯಾನೇಜರ್‌ನ ನಿಜವಾದ ಭಯ ಇರುವುದು ಇಲ್ಲಿ. ಕಿಯಾಸ್ಕ್ ಎತ್ತರವಾದರೆ ಹಿಂದಿನ ಅಂಗಡಿಯ ಫಲಕ ಮರೆಯಾಗುತ್ತದೆ. ವರ್ಷವಿಡೀ ಬಾಡಿಗೆ ಕಟ್ಟುವ ಆ ಅಂಗಡಿಯವರು ಮೊದಲ ದಿನವೇ ದೂರು ತರುತ್ತಾರೆ. ಎಸ್ಕಲೇಟರ್‌ನಿಂದ ಇಳಿಯುವ ತುದಿಯಲ್ಲಿ, ತುರ್ತು ನಿರ್ಗಮನದ ದಾರಿಯಲ್ಲಿ ನಿಂತರೆ ಅಗ್ನಿಸುರಕ್ಷತೆಯವರು ಒಪ್ಪುವುದಿಲ್ಲ. ಆಟಿಕೆ ಅಂಗಡಿಯ ಎದುರಿಗೇ ಕೇಳಿದರೆ ಬಾಡಿಗೆದಾರರ ಜಗಳಕ್ಕೆ ದಾರಿ. ಇವನ್ನು ತಿಳಿದವರು ಪತ್ರ ಬರೆಯುವ ಮೊದಲು ಮಾಲ್‌ಗೆ ಹೋಗಿ ನಡೆದು ನೋಡಿರುತ್ತಾರೆ, ಒಂದು ವಾರದ ದಿನ, ಒಂದು ಭಾನುವಾರ ಸಂಜೆ. ಗೊಂಬೆ ಕೊಳ್ಳುವವರು ಸೀರೆ, ಒಡವೆಯ ಅಂಗಡಿಗಳ ಕಡೆ ತಿರುಗುವವರು ಎಂದು ಗುರುತಿಸಿ, ಅಲ್ಲಿ ಎರಡು ತಾಣ ಆರಿಸುತ್ತಾರೆ. ಪುಟದಲ್ಲಿ ಹೀಗೆ ಬರುತ್ತದೆ: “ಮೊದಲ ಆಯ್ಕೆ, ಪೂರ್ವದ್ವಾರದ ಸೀರೆ ಅಂಗಡಿಗಳ ನಡುವಿನ ಹಾದಿ, ಎರಡನೆಯದು, ಮೊದಲ ಮಹಡಿಯ ಲಿಫ್ಟ್ ಪಕ್ಕ. ನಾಲ್ಕು ಬದಿಗಳಿಂದಲೂ ಕಾಣುವಂತಿದ್ದು, ಅತಿ ಎತ್ತರದ ಭಾಗ ನಾಲ್ಕೂವರೆ ಅಡಿ.” ಈ ನಾಲ್ಕೂವರೆ ಅಡಿ ಎಂಬ ಅಳತೆಯ ಬೆಲೆ ದೊಡ್ಡದು. ಗೊಂಬೆ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಆಸೆ ಸಹಜ. ಒಂಬತ್ತು ಮೆಟ್ಟಿಲು ಕಟ್ಟಿದರೆ ನೋಡಲು ಚಂದ, ಆದರೆ ಹಿಂದಿನ ಅಂಗಡಿ ಕಾಣದು. ಐದು ಮೆಟ್ಟಿಲು ತಗ್ಗಾಗಿ ಕಟ್ಟಿ, ಸರಕಿನ ರಟ್ಟಿನ ಪೆಟ್ಟಿಗೆಗಳೆಲ್ಲ ಅದರ ಹೊಟ್ಟೆಯೊಳಗಿನ ಕಪಾಟಿನಲ್ಲಿ ಇರುವಂತೆ ಚಿತ್ರ ಬರೆದವರು ಎರಡು ತೊಂದರೆಗಳನ್ನು ಒಟ್ಟಿಗೇ ಕಳೆದರು. ಹಾದಿಯಲ್ಲಿ ರಾಶಿ ಬಿದ್ದ ಖಾಲಿ ಪೆಟ್ಟಿಗೆಗಳು ಮ್ಯಾನೇಜರ್ ಕಣ್ಣಿಗೆ ಬಹಳ ಬೇಗ ಬೀಳುತ್ತವೆ.

ಚಿತ್ರದಲ್ಲಿ ಹೆಸರಿನ ಫಲಕವೂ ಇರಲಿ, ಕನ್ನಡ ದೊಡ್ಡದಾಗಿ ಮೇಲಿರಲಿ. ಫಲಕದ ಶೇ. 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾದ ಮೇಲೆ ಮಾಲ್‌ನವರು ಇದನ್ನು ಗಮನಿಸಿಯೇ ಗಮನಿಸುತ್ತಾರೆ.

ಆಟಿಕೆಯ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ಐಎಸ್‌ಐ ಗುರುತು ಎಲ್ಲಿ? 2021ರ ಜನವರಿ 1ರಿಂದ ಜಾರಿಗೆ ಬಂದ ಆಟಿಕೆ ಗುಣಮಟ್ಟ ಆದೇಶದ ಪ್ರಕಾರ ದೇಶದಲ್ಲಿ ಮಾರುವ ಆಟಿಕೆಗೆ ಆ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಗುರುತು ಪಡೆದ ಸರಕಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ ಆ ಗುರುತಿದೆ. “ಕುಶಲಕರ್ಮಿ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದೆ” ಎಂಬ ಒಂದು ಸಾಲು ಬರೆದರೆ ಕಾನೂನು ವಿಭಾಗಕ್ಕೆ ಹೋಗಬೇಕಿದ್ದ ಕಾಗದ ಅಲ್ಲೇ ನಿಲ್ಲುತ್ತದೆ. ಗೊಂಬೆಗಳನ್ನು ಕೊಂಡು ತಂದು ಮಾರುವ ವ್ಯಾಪಾರಿ ಇದೇ ಸಾಲನ್ನು ಎತ್ತಿ ಬರೆಯುವಂತಿಲ್ಲ. ತನಗೆ ಆ ವಿನಾಯಿತಿ ಅನ್ವಯಿಸುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು.

ಹಣದ ಸಾಲಿಗೆ ಬರೋಣ. ಮಾಲ್‌ನವರು ಸಾಮಾನ್ಯವಾಗಿ ಎರಡು ದಾರಿ ಇಡುತ್ತಾರೆ: ನಿಗದಿತ ಮೊತ್ತ, ಇಲ್ಲವೇ ಮಾರಾಟದಲ್ಲಿ ಪಾಲು. ಎರಡನ್ನೂ ಸೇರಿಸಿ “ಯಾವುದು ಹೆಚ್ಚೋ ಅದು” ಎನ್ನುವುದೂ ಉಂಟು. ನಮ್ಮ ಕುಟುಂಬ ₹1,20,000ದ ಜೊತೆಗೆ “ಅಥವಾ ಜಿಎಸ್‌ಟಿ ಕಳೆದ ಮಾರಾಟದ ಶೇ. 15, ಯಾವುದು ಹೆಚ್ಚೋ ಅದು” ಎಂದು ತಾನೇ ಮುಂದಿಡುತ್ತದೆ. ಮಾರಾಟ ಎಂಟು ಲಕ್ಷ ದಾಟಿದರಷ್ಟೇ ಪಾಲು ನಿಗದಿತ ಮೊತ್ತವನ್ನು ಮೀರುತ್ತದೆ. ಅಲ್ಲಿಯವರೆಗೆ ಮಾಲ್‌ಗೆ ನಷ್ಟದ ಭಯವಿಲ್ಲ, ದಾಟಿದರೆ ಲಾಭದಲ್ಲಿ ಭಾಗವಿದೆ. ‘ಜಿಎಸ್‌ಟಿ ಕಳೆದ’ ಎಂಬ ಎರಡು ಪದ ಬಿಟ್ಟರೆ ಸರ್ಕಾರಕ್ಕೆ ಸೇರಬೇಕಾದ ತೆರಿಗೆಯ ಮೇಲೂ ಪಾಲು ಕೊಡಬೇಕಾದೀತು. ಬಾಡಿಗೆಯ ಮೇಲಿನ ಶೇ. 18 ಜಿಎಸ್‌ಟಿ, ಅಂದರೆ ₹21,600, ಪ್ರತ್ಯೇಕ ಎಂದೂ ಸ್ಪಷ್ಟವಾಗಿರಬೇಕು.

ಈ ಅಂಕಿ ಎಲ್ಲಿಂದ ಬಂತು ಎಂಬುದು ಪುಟದಲ್ಲಿ ಇರುವುದಿಲ್ಲ. ಅದು ಮನೆಯಲ್ಲಿ ಬೇರೆ ಕಾಗದದ ಮೇಲೆ ಮಾಡಿದ ಲೆಕ್ಕ. ಮಾರಿದ ಬೆಲೆಯ ಅರ್ಧ ಗೊಂಬೆ ಮಾಡುವ ಖರ್ಚು ಎಂದುಕೊಳ್ಳಿ. ಬಾಡಿಗೆ 1,20,000, ಮೂವರು ಕೆಲಸದವರಿಗೆ 54,000, ಕಿಯಾಸ್ಕ್ ಮಾಡಿಸಲು 60,000, ವಿದ್ಯುತ್ತು ಮತ್ತು ಸಾಗಣೆಗೆ 10,000, ಒಟ್ಟು ₹2,44,000. ಅದನ್ನು ತುಂಬಲು ₹4,88,000 ಮಾರಾಟವಾಗಬೇಕು. ಒಂದು ಬಿಲ್ಲಿಗೆ ಸರಾಸರಿ ₹450 ಎಂದರೆ ದಿನಕ್ಕೆ ಸುಮಾರು 32 ಬಿಲ್ಲು. ಹನ್ನೆರಡು ಗಂಟೆಯ ದಿನದಲ್ಲಿ ಗಂಟೆಗೆ ಮೂರು ಬಿಲ್ಲು ಕೂಡ ಆಗಬೇಕಿಲ್ಲ. ಈ ಲೆಕ್ಕ ಕೈಯಲ್ಲಿದ್ದವರಿಗೆ ಮ್ಯಾನೇಜರ್ “ಒಂದೂವರೆ ಲಕ್ಷ” ಎಂದಾಗ ಎಷ್ಟರವರೆಗೆ ಏರಬಹುದು ಎಂದು ಗೊತ್ತಿರುತ್ತದೆ: ಇನ್ನು ₹30,000 ಕೊಟ್ಟರೆ ದಿನಕ್ಕೆ ಇನ್ನೂ ನಾಲ್ಕು ಬಿಲ್ಲು ಹೆಚ್ಚು ಮಾಡಬೇಕು, ಅಷ್ಟೆ.

ಕೊನೆಯ ನಾಲ್ಕು ಸಾಲು ಆಪರೇಷನ್ಸ್‌ನವರಿಗೆ. ಸರಕು ಸರ್ವಿಸ್ ಲಿಫ್ಟ್‌ನಲ್ಲಿ, ಮಾಲ್ ಮುಚ್ಚಿದ ಮೇಲೆ ಒಳಬರುತ್ತದೆ. ಬಿಡಿಭಾಗಗಳನ್ನು ಹೊರಗೆ ಮಾಡಿ ತಂದು ಒಂದೇ ರಾತ್ರಿಯಲ್ಲಿ ಜೋಡಿಸುತ್ತೇವೆ, ಒಳಗೆ ಗರಗಸ, ಬಣ್ಣದ ಕೆಲಸವಿಲ್ಲ. ವಿದ್ಯುತ್ ಒಂದು ಕಿಲೋವ್ಯಾಟ್ ಒಳಗೆ, ದೀಪ ಮತ್ತು ಕಾರ್ಡ್ ಯಂತ್ರಕ್ಕೆ ಮಾತ್ರ. ಅಕ್ಟೋಬರ್ 22ರ ರಾತ್ರಿ ಬಿಚ್ಚಿ, 23ರ ಬೆಳಿಗ್ಗೆ ಮಾಲ್ ತೆರೆಯುವ ಮೊದಲು ನೆಲ ಖಾಲಿ ಮಾಡಿ ಒಪ್ಪಿಸುತ್ತೇವೆ. ತಾತ್ಕಾಲಿಕವಾಗಿ ಬಂದವರು ಸಮಯಕ್ಕೆ ಜಾಗ ಬಿಡುವುದಿಲ್ಲ ಎಂಬುದು ಮಾಲ್‌ನವರ ಹಳೆಯ ತಲೆನೋವು. ಹೊರಡುವ ಗಂಟೆಯನ್ನು ತಾವೇ ಬರೆದುಕೊಟ್ಟವರ ಮೇಲೆ ನಂಬಿಕೆ ಬೇಗ ಬರುತ್ತದೆ.

ಹಾಗೆಯೇ ಪುಟದಿಂದ ಬಿಟ್ಟದ್ದನ್ನೂ ಗಮನಿಸಬೇಕು. ಲೇತಿನ ಮೇಲೆ ಆಲೆಮರದ ತುಂಡು ತಿರುಗುತ್ತ, ಅರಗು ಅದರ ಬಿಸಿಗೆ ಕರಗಿ ಬಣ್ಣವಾಗಿ ಹಬ್ಬುವುದನ್ನು ಜನರೆದುರು ತೋರಿಸುವ ಆಸೆ ಕುಟುಂಬಕ್ಕೆ ಇದ್ದೇ ಇರುತ್ತದೆ. ಆದರೆ ಮರದ ಪುಡಿ, ಶಬ್ದ, ಮಕ್ಕಳ ಕೈಗೆ ಸಿಗುವ ಯಂತ್ರ ಎಂದರೆ ಮೂರು ಆಕ್ಷೇಪಣೆ. ಅದರ ಬದಲು “ಶನಿವಾರ, ಭಾನುವಾರ ಸಂಜೆ ಗೊಂಬೆ ಕೂರಿಸುವ ಕ್ರಮದ ಪ್ರಾತ್ಯಕ್ಷಿಕೆ” ಎಂದು ಬರೆದರೆ ಮಾಲ್‌ನ ಹಬ್ಬದ ಕಾರ್ಯಕ್ರಮಪಟ್ಟಿಗೂ ಅದು ಒಂದು ಸಾಲಾಗಿ ಸಿಗುತ್ತದೆ.

ಪುಟ ಕೆಲಸ ಮಾಡಿತೇ ಎಂದು ಬರುವ ಪ್ರಶ್ನೆಯಿಂದ ತಿಳಿಯಬಹುದು. “ನಿಮ್ಮದು ಏನು ಸರಕು?” ಎಂದು ಕೇಳಿದರೆ ಮೊದಲ ವಾಕ್ಯ ಸೋತಿದೆ. “ಪೂರ್ವದ್ವಾರದ ಹಾದಿ ಕಾರು ಪ್ರದರ್ಶನಕ್ಕೆ ಹೋಗಿದೆ, ಲಿಫ್ಟ್ ಪಕ್ಕ ಆದೀತೇ?” ಎಂದರೆ ಉಳಿದದ್ದನ್ನೆಲ್ಲ ಒಪ್ಪಿಯಾಗಿದೆ ಎಂದು ಅರ್ಥ. ಆಗ ಮೇಲಿನ ಮಹಡಿಯಲ್ಲಿ ಓಡಾಟ ಕಡಿಮೆ ಎಂಬ ಕಾರಣ ಕೊಟ್ಟು, ಜಾಗದ ಸಾಲನ್ನೂ ಹಣದ ಸಾಲನ್ನೂ ಮಾತ್ರ ತಿದ್ದಿ, ₹1,20,000 ಇದ್ದಲ್ಲಿ ₹95,000 ಎಂದು ಬರೆದು, ಅದೇ ಪುಟವನ್ನು ಅದೇ ಸಂಜೆ ಮತ್ತೆ ಕಳಿಸಬೇಕು.